ಬೀಗ ತೆಗೆಯಿರಿ ಎಂದು ಬರೆಯುವ ಮುನ್ನ

ತಮ್ಮ ವೆಬ್‌ಸೈಟಿನ ಹೆಸರಿಗೆ, ಅಂದರೆ ಡೊಮೈನಿಗೆ, ಹೇಳದೆ ಕೇಳದೆ ಲಾಕ್ ಬಿದ್ದಿದೆ ಎಂದು ಗೊತ್ತಾದ ಕೂಡಲೇ ಬಹುತೇಕರು ರಿಜಿಸ್ಟ್ರಾರ್ ಕಂಪನಿಗೆ ಒಂದು ಸಿಟ್ಟಿನ ಇಮೇಲ್ ಕಳಿಸುತ್ತಾರೆ. ಅದರಲ್ಲಿ ಕೇಳುವುದು ಒಂದೇ ಮಾತು: ಕೂಡಲೇ ಲಾಕ್ ತೆಗೆಯಿರಿ. ಕೆಲವು ಸಂದರ್ಭಗಳಲ್ಲಿ ಈ ಕೋರಿಕೆ ಸರಿಯೇ. ಆದರೆ ಆ ಲಾಕ್ ಬೀಳುವುದಕ್ಕೆ ಕಾರಣ ಬೇರೆ ಯಾರೋ ಮಾಡಿದ ಬದಲಾವಣೆಯಾಗಿದ್ದರೆ, ನಿಮ್ಮ ಡೊಮೈನ್ ಇನ್ನೂ ನಿಮ್ಮ ಕೈಗೆ ಸಿಗುವಷ್ಟು ಹತ್ತಿರದಲ್ಲಿ ಇರುವುದೇ ಆ ಲಾಕಿನಿಂದ. ಅದನ್ನು ತೆಗೆಯಿರಿ ಎಂದು ಕೇಳಿಕೊಂಡರೆ ಕಳ್ಳನಿಗೆ ನೀವೇ ಬಾಗಿಲು ತೆರೆದುಕೊಟ್ಟಂತೆ.

ಒಂದು ಪ್ರಕರಣವನ್ನು ಊಹಿಸಿಕೊಂಡು ನೋಡೋಣ. ಇಳಕಲ್ಲಿನಲ್ಲಿ ಒಬ್ಬ ಹೆಣ್ಣುಮಗಳು ಸೀರೆ ವ್ಯಾಪಾರ ನಡೆಸುತ್ತಿದ್ದಾರೆ. ಅರ್ಧದಷ್ಟು ಗಿರಾಕಿಗಳು ಬೆಂಗಳೂರು, ಪುಣೆ, ಅಮೆರಿಕದಲ್ಲಿದ್ದಾರೆ. ಆರ್ಡರುಗಳು ಅಂಗಡಿಯ ಹೆಸರಿನ ಇಮೇಲಿಗೆ ಬರುತ್ತವೆ. ವೆಬ್‌ಸೈಟನ್ನು ಹಲವು ವರ್ಷಗಳ ಹಿಂದೆ ಹುಬ್ಬಳ್ಳಿಯ ಡಿಸೈನರ್ ಒಬ್ಬ ಮಾಡಿಕೊಟ್ಟಿದ್ದ. ಡೊಮೈನ್ ಅಂಗಡಿಯ ಹೆಸರಿನಲ್ಲೇ ಇದೆ, ದುಡ್ಡನ್ನೂ ಅವರೇ ಕಟ್ಟುತ್ತಾರೆ. ಆದರೆ ರಿಜಿಸ್ಟ್ರಾರ್ ಖಾತೆಗೆ ಕೊಟ್ಟಿರುವುದು ಆ ದಿನ ಆತ ಅವಸರದಲ್ಲಿ ತೆರೆದ ಒಂದು ಉಚಿತ ಇಮೇಲ್ ವಿಳಾಸ. ಅದನ್ನು ಈಗ ಯಾರೂ ತೆರೆದು ನೋಡುವುದಿಲ್ಲ. ಡೊಮೈನಿನ ಹೆಸರನ್ನು ಇಲ್ಲಿ `example.com` ಎಂದೇ ಇಟ್ಟುಕೊಳ್ಳೋಣ. ಇಂಥ ಉದಾಹರಣೆಗಳಿಗೆಂದೇ ಮೀಸಲಿಟ್ಟ ಹೆಸರದು.

2025ರ ಆಗಸ್ಟ್ 18, ಸೋಮವಾರ. ಗೌರಿ-ಗಣೇಶ ಹಬ್ಬಕ್ಕೆ ಎಂಟು-ಹತ್ತು ದಿನ ಬಾಕಿ, ಆರ್ಡರು ಜೋರಾಗಿರಬೇಕಾದ ಹೊತ್ತು. ಆದರೆ ಬೆಳಗಿನಿಂದ ಒಂದೂ ಇಮೇಲ್ ಬಂದಿಲ್ಲ. ವೆಬ್‌ಸೈಟ್ ಎಂದಿನಂತೆ ತೆರೆಯುತ್ತಿದೆ. ಡಿಸೈನರಿಗೆ ಫೋನ್ ಮಾಡಿದರೆ, ಅವನಿಗೆ ರಿಜಿಸ್ಟ್ರಾರ್ ಖಾತೆಗೆ ಲಾಗಿನ್ ಆಗಲು ಆಗುತ್ತಿಲ್ಲ. ಕಂಪನಿಯ ಚಾಟಿನಲ್ಲಿ ಕೇಳಿದಾಗ ಸಿಬ್ಬಂದಿಯೊಬ್ಬರು, "ನೋಂದಣಿದಾರರ ವಿವರ ಬದಲಾಗಿದೆ, ಆದ್ದರಿಂದ ಡೊಮೈನಿಗೆ 60 ದಿನ ಲಾಕ್ ಇದೆ, ಅಕ್ಟೋಬರ್ 16ಕ್ಕೆ ತಾನಾಗಿಯೇ ತೆರವಾಗುತ್ತದೆ" ಎಂದು ಹೇಳಿ ಮಾತು ಮುಗಿಸುತ್ತಾರೆ.

ಆ ಉತ್ತರದಲ್ಲಿ ಸುಳ್ಳಿಲ್ಲ. ಆದರೆ ಅಕ್ಟೋಬರ್ 16ರವರೆಗೆ ಸುಮ್ಮನೆ ಕಾದರೆ ಡೊಮೈನ್ ಹೋದ ಹಾಗೆಯೇ. ಅದೇಕೆ ಎಂದು ತಿಳಿಯಬೇಕಾದರೆ ಈ 60 ದಿನಗಳ ಲಾಕ್ ಎಲ್ಲಿಂದ ಬಂತೆಂದು ನೋಡಬೇಕು.

`.com`, `.org`, `.net` ಮುಂತಾದ ಹೆಸರುಗಳ ವ್ಯವಸ್ಥೆಗೆ ನಿಯಮ ಮಾಡುವ ಸಂಸ್ಥೆ ಐಕ್ಯಾನ್. ಅದರ ವರ್ಗಾವಣೆ ನೀತಿಗೆ 2016ರ ಡಿಸೆಂಬರ್ 1ರಿಂದ ಒಂದು ಕಟ್ಟಳೆ ಸೇರಿತು. ನೋಂದಣಿದಾರರ ಹೆಸರು, ಸಂಸ್ಥೆಯ ಹೆಸರು ಅಥವಾ ಇಮೇಲ್, ಈ ಮೂರರಲ್ಲಿ ಯಾವುದೊಂದು ಬದಲಾದರೂ ಅದನ್ನು ನೋಂದಣಿದಾರರ ಬದಲಾವಣೆ ಎಂದೇ ಲೆಕ್ಕ ಹಾಕಬೇಕು. ಆ ಬದಲಾವಣೆಗೆ ಹಳಬರೂ ಹೊಸಬರೂ ಒಪ್ಪಿಗೆ ಕೊಡಬೇಕು. ಆಮೇಲೆ 60 ದಿನ ಆ ಡೊಮೈನನ್ನು ಇನ್ನೊಂದು ರಿಜಿಸ್ಟ್ರಾರಿಗೆ ಒಯ್ಯುವಂತಿಲ್ಲ. ಬದಲಾವಣೆಗೆ ಮೊದಲೇ ಈ ಲಾಕ್ ಬೇಡ ಎಂದು ಹೇಳುವ ಅವಕಾಶವನ್ನು ರಿಜಿಸ್ಟ್ರಾರ್ ಕೊಡಬಹುದು, ಕೊಡದೆಯೂ ಇರಬಹುದು. ಬದಲಾವಣೆ ಮುಗಿದ ಮೇಲೆ ಬೇಡವೆಂದರೆ ಆಗುವುದಿಲ್ಲ. ಈ ಲಾಕ್ ತಡೆಯುವುದು ಒಂದನ್ನೇ: ಬೇರೆ ರಿಜಿಸ್ಟ್ರಾರಿಗೆ ಸಾಗಿಸುವುದನ್ನು. ನೇಮ್ ಸರ್ವರ್ ಬದಲಿಸುವುದನ್ನು, ಇಮೇಲ್ ಎಲ್ಲಿಗೆ ಹೋಗಬೇಕೆಂಬುದನ್ನು ತಿರುಚುವುದನ್ನು ಅದು ತಡೆಯುವುದಿಲ್ಲ.

ಹೀಗಾಗಿ ನಮ್ಮ ಕಥೆಯಲ್ಲಿ ನಡೆದಿರುವುದು ಏನೆಂದು ಊಹಿಸಬಹುದು. ಆ ಹಳೆಯ ಉಚಿತ ಇಮೇಲಿನ ಪಾಸ್‌ವರ್ಡ್ ಎಲ್ಲೋ ಸೋರಿದೆ. ಅದನ್ನು ಹಿಡಿದವನು ರಿಜಿಸ್ಟ್ರಾರ್ ಖಾತೆಯಲ್ಲಿ "ಪಾಸ್‌ವರ್ಡ್ ಮರೆತೆ" ಎಂದು ಒತ್ತಿದ್ದಾನೆ. ಕೀಲಿ ಅವನಿಗೇ ಬಂದಿದೆ. ನೋಂದಣಿದಾರರ ಇಮೇಲನ್ನು ತನ್ನದಕ್ಕೆ ಬದಲಿಸಿದ್ದಾನೆ. ಒಪ್ಪಿಗೆ ಕೇಳಿದ ಪತ್ರವೂ ಅದೇ ಹಳೆಯ ವಿಳಾಸಕ್ಕೆ ಬಂದದ್ದರಿಂದ ಹಳಬರ ಪರವಾಗಿ ಅವನೇ ಒಪ್ಪಿದ್ದಾನೆ. ಡೊಮೈನನ್ನು ಬೇರೆ ದೇಶದ ಕಂಪನಿಗೆ ಸಾಗಿಸಲು ಹೊರಟಾಗ ಈ 60 ದಿನಗಳ ನಿಯಮ ಅಡ್ಡ ಬಂದಿದೆ. ಈಗ ಅವನು ಕಾಯುತ್ತಿದ್ದಾನೆ. ವೆಬ್‌ಸೈಟಿನ ವಿಳಾಸವನ್ನು ಮೊದಲಿನ ಕಂಪ್ಯೂಟರಿಗೇ ಬಿಟ್ಟು ಇಮೇಲನ್ನು ಮಾತ್ರ ತನ್ನ ಕಡೆ ತಿರುಗಿಸಿಕೊಂಡಿದ್ದರಿಂದ ನೋಡುವವರಿಗೆ ಏನೂ ಕೆಟ್ಟಂತೆ ಕಾಣುವುದಿಲ್ಲ.

ಇದು ಬರಿಯ ಊಹೆಯ ಮಾತಲ್ಲ. ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯವರ ಹಳೆಯ ತಾಣ `perl.com` 2021ರ ಜನವರಿ ಕೊನೆಯಲ್ಲಿ ಇದ್ದಕ್ಕಿದ್ದಂತೆ ಬೇರೆಯವರ ಕೈಯಲ್ಲಿ ಕಂಡಿತು. ಆಮೇಲೆ ಅದರ ಸಂಪಾದಕರು ಜೋಡಿಸಿ ನೋಡಿದ ಪ್ರಕಾರ, ಖಾತೆ ಕೈತಪ್ಪಿದ್ದು 2020ರ ಸೆಪ್ಟೆಂಬರಿನಲ್ಲೇ. ಡಿಸೆಂಬರಿನಲ್ಲಿ ಡೊಮೈನ್ ಬೇರೊಂದು ರಿಜಿಸ್ಟ್ರಾರಿಗೆ ಹೋಯಿತು, ನೇಮ್ ಸರ್ವರುಗಳನ್ನು ಮಾತ್ರ ಕಳ್ಳ ಆಗ ಮುಟ್ಟಲಿಲ್ಲ. ಜನವರಿಯಲ್ಲಿ ಮತ್ತೊಂದು ರಿಜಿಸ್ಟ್ರಾರಿಗೆ ದಾಟಿಸಿದ ನಂತರವೇ ಅವನ್ನು ಬದಲಿಸಿದ. ಆಗಲೇ ಎಲ್ಲರಿಗೂ ಗೊತ್ತಾದದ್ದು. ಪರ್ಲ್ ಸಮುದಾಯಕ್ಕೆ ಈ ಕ್ಷೇತ್ರದಲ್ಲಿ ಪರಿಚಿತರಿದ್ದರು, ಸುದ್ದಿಯೂ ಆಯಿತು. ಫೆಬ್ರವರಿ ಆರಂಭದಲ್ಲಿ ಡೊಮೈನ್ ಮರಳಿತು. ಇಳಕಲ್ಲಿನ ಅಂಗಡಿಗೆ ಅಂಥ ಬಲ ಇರುವುದಿಲ್ಲ. ಅವರಿಗೆ ಇರುವುದು ಒಂದು ಇಮೇಲ್. ಆದ್ದರಿಂದ ಆ ಇಮೇಲನ್ನು ಸರಿಯಾಗಿ ಬರೆಯಬೇಕು.

ಬರೆಯುವ ಮೊದಲು ಡೊಮೈನಿನ ಸಾರ್ವಜನಿಕ ದಾಖಲೆಯನ್ನು ನೋಡಬೇಕು. ಜಮೀನಿನ ವ್ಯಾಜ್ಯಕ್ಕೆ ಹೊರಟವರು ಮೊದಲು ಪಹಣಿ ತೆಗೆಸಿ ನೋಡುವಂತೆ. `lookup.icann.org` ಎಂಬ ತಾಣದಲ್ಲಿ ಡೊಮೈನಿನ ಹೆಸರು ಕೊಟ್ಟರೆ ದಾಖಲೆ ಉಚಿತವಾಗಿ ಸಿಗುತ್ತದೆ. 2018ರಲ್ಲಿ ಯುರೋಪಿನ ಖಾಸಗಿತನದ ಕಾಯ್ದೆ ಬಂದ ಮೇಲೆ ನೋಂದಣಿದಾರರ ಹೆಸರು, ಇಮೇಲ್ ಸಾಮಾನ್ಯವಾಗಿ ಅಲ್ಲಿ ಮುಚ್ಚಿರುತ್ತವೆ. ಹೀಗಾಗಿ ಮಾಲೀಕರು ಯಾರೆಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಗಲಿಕ್ಕಿಲ್ಲ. ಆದರೂ ನಮಗೆ ಬೇಕಾದಷ್ಟು ಸಿಗುತ್ತದೆ. ನಮ್ಮ ಪ್ರಕರಣದಲ್ಲಿ ಕಾಣುವ ಸಾಲುಗಳು ಇವು:

```
Updated Date: 2025-08-17T21:47:09Z
Domain Status: clientTransferProhibited
Name Server: NS1.EXAMPLE.ORG
```

ಮೊದಲ ಸಾಲಿನ ಕೊನೆಯಲ್ಲಿರುವ `Z` ಅಕ್ಷರವನ್ನು ಗಮನಿಸಬೇಕು. ಅದು ಯುಟಿಸಿ ಸಮಯದ ಗುರುತು. ಐದೂವರೆ ಗಂಟೆ ಸೇರಿಸಿದರೆ ನಮ್ಮ ಸಮಯ ಬರುತ್ತದೆ. 17ರ ರಾತ್ರಿ 21:47 ಎಂದರೆ ಇಳಕಲ್ಲಿನಲ್ಲಿ 18ರ ಬೆಳಗಿನ ಜಾವ 3:17. ದೂರಿನಲ್ಲಿ "ನಿನ್ನೆ ರಾತ್ರಿಯಿಂದ" ಎಂದು ಬರೆದರೆ ಬೇರೆ ದೇಶದಲ್ಲಿ ಕುಳಿತು ಓದುವವರಿಗೆ ಅದು ಯಾವ ರಾತ್ರಿಯೋ ಗೊತ್ತಾಗುವುದಿಲ್ಲ. ಈ ಸಾಲನ್ನು ಇದ್ದ ಹಾಗೆ ಬರೆದರೆ ಅವರು ತಮ್ಮ ಲಾಗಿನಲ್ಲಿ ಅದೇ ನಿಮಿಷವನ್ನು ಹುಡುಕಬಹುದು.

ಎರಡನೆಯ ಸಾಲು ಸ್ಥಿತಿಯ ಗುರುತು. ಇಂಥ ಗುರುತು `client` ಎಂದು ಶುರುವಾದರೆ ಅದನ್ನು ಹಾಕಿದ್ದು ನಿಮ್ಮ ರಿಜಿಸ್ಟ್ರಾರ್ ಕಂಪನಿ, ತೆಗೆಯಬಲ್ಲದ್ದೂ ಅದೇ. `server` ಎಂದು ಶುರುವಾದರೆ ಹಾಕಿದ್ದು ಅದರ ಮೇಲಿನ ರಿಜಿಸ್ಟ್ರಿ, ಅಂದರೆ ಇಡೀ `.com` ಪಟ್ಟಿಯನ್ನು ನಡೆಸುವ ಸಂಸ್ಥೆ. ಅಂಥ ಲಾಕ್ ಹೆಚ್ಚಾಗಿ ಕೋರ್ಟಿನ ಆದೇಶ, ವ್ಯಾಜ್ಯ ಅಥವಾ ವಿಶೇಷ ರಕ್ಷಣೆಯ ಕಾರಣಕ್ಕೆ ಬೀಳುತ್ತದೆ. ರಿಜಿಸ್ಟ್ರಾರಿನ ಮುಂದಿನ ಸಾಲಿನ ಸಿಬ್ಬಂದಿಗೆ ಎಷ್ಟು ಬೈದರೂ ಅದು ಅವರ ಕೈಯಲ್ಲಿ ಇರುವುದಿಲ್ಲ. ಇನ್ನು `clientTransferProhibited` ಎಂಬುದನ್ನು ಕಂಡು ಗಾಬರಿಯಾಗಬೇಕಿಲ್ಲ. ಸುರಕ್ಷತೆಗೆಂದು ಬಹಳಷ್ಟು ಡೊಮೈನುಗಳ ಮೇಲೆ ಇದು ಮೊದಲ ದಿನದಿಂದಲೇ ಇರುತ್ತದೆ. 60 ದಿನಗಳ ಲಾಕಿಗೂ ಇದೇ ಗುರುತು ಕಾಣಬಹುದು. ಎರಡರಲ್ಲಿ ಯಾವುದು ಎಂಬುದನ್ನು ರಿಜಿಸ್ಟ್ರಾರನ್ನೇ ಕೇಳಬೇಕು.

ಗಾಬರಿಯಾಗಬೇಕಾದ ಗುರುತು `clientHold`. ಅದು ಬಿದ್ದರೆ ಡೊಮೈನ್ ಇಂಟರ್ನೆಟ್ಟಿನಿಂದ ಮಾಯವಾಗುತ್ತದೆ, ವೆಬ್‌ಸೈಟೂ ಇಲ್ಲ, ಇಮೇಲೂ ಇಲ್ಲ. ಇದರ ಕಾರಣ ಎಷ್ಟೋ ಸಲ ತೀರ ಸಾಮಾನ್ಯವಾದದ್ದು. ಹೊಸದಾಗಿ ನೋಂದಣಿ ಮಾಡಿದಾಗ ಅಥವಾ ಸಂಪರ್ಕದ ವಿವರ ಬದಲಿಸಿದಾಗ ರಿಜಿಸ್ಟ್ರಾರ್ 15 ದಿನಗಳೊಳಗೆ ಇಮೇಲ್ ಅಥವಾ ಫೋನ್ ಸಂಖ್ಯೆಯನ್ನು ಖಚಿತಪಡಿಸಿಕೊಳ್ಳಬೇಕು. ಉತ್ತರ ಬಾರದಿದ್ದರೆ ಬೇರೆ ರೀತಿಯಲ್ಲಿ ಪರಿಶೀಲಿಸಬೇಕು, ಇಲ್ಲವೇ ಡೊಮೈನನ್ನು ಅಮಾನತಿನಲ್ಲಿ ಇಡಬೇಕು. ಅಲ್ಲಿ ದೂರು ಬರೆಯುವ ಅಗತ್ಯವೇ ಇಲ್ಲ, ಬಾಕಿ ಇರುವ ಖಚಿತತೆಯನ್ನು ಮುಗಿಸಿದರೆ ಸಾಕು. ಆದರೆ ಇಮೇಲಿನಲ್ಲಿ ಬಂದ ಲಿಂಕನ್ನು ಒತ್ತಿ ಅಲ್ಲ. ಮೋಸಗಾರರು ಕಳಿಸುವ ನಕಲಿ ಪತ್ರಗಳೂ ಥೇಟ್ ಹಾಗೆಯೇ ಇರುತ್ತವೆ. ರಿಜಿಸ್ಟ್ರಾರಿನ ವಿಳಾಸವನ್ನು ನೀವೇ ಬ್ರೌಸರಿನಲ್ಲಿ ಬರೆದು ಒಳಗೆ ಹೋಗಿ ನೋಡಬೇಕು.

ನಮ್ಮ ಕಥೆಯನ್ನು ಬಯಲು ಮಾಡುವುದು ಮೂರನೆಯ ಸಾಲು. ಅಂಗಡಿಯ ನೇಮ್ ಸರ್ವರ್ ಹಿಂದೆ `ns1.example.net` ಆಗಿತ್ತು, ಹಳೆಯ ಬಿಲ್ಲಿನ ಜೊತೆಗಿನ ಪತ್ರದಲ್ಲಿ ಹಾಗೆಯೇ ಇದೆ. ಈಗ ಬೇರೆ ಕಾಣುತ್ತಿದೆ. ಇಮೇಲ್ ಎಲ್ಲಿಗೆ ಹೋಗುತ್ತಿದೆ ಎಂಬುದನ್ನೂ ಯಾವುದೇ ವಿಂಡೋಸ್ ಕಂಪ್ಯೂಟರಿನಲ್ಲಿ ಒಂದು ಸಾಲು ಬರೆದು ನೋಡಬಹುದು:

```
nslookup -type=mx example.com
```

ಉತ್ತರದಲ್ಲಿ ಎಂದೂ ಕೇಳದ ಹೆಸರು ಬಂದರೆ ಅಂಗಡಿಯ ಪತ್ರಗಳೆಲ್ಲ ಅಲ್ಲಿಗೆ ಹೋಗುತ್ತಿವೆ ಎಂದರ್ಥ. ಇವೆಲ್ಲವನ್ನೂ ಪರದೆಯ ಚಿತ್ರ ತೆಗೆದು ಇಟ್ಟುಕೊಳ್ಳಬೇಕು, ಏಕೆಂದರೆ ನಾಳೆ ದಾಖಲೆ ಮತ್ತೆ ಬದಲಾಗಬಹುದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ದೂರಿನ ಇಮೇಲನ್ನು ಅಂಗಡಿಯ ಹೆಸರಿನ ವಿಳಾಸದಿಂದ ಕಳಿಸಬಾರದು. `clientHold` ಬಿದ್ದಿದ್ದರೆ ಅದಕ್ಕೆ ಉತ್ತರ ಬರುವುದೇ ಇಲ್ಲ. ಇಮೇಲ್ ಕಳ್ಳನ ಕಡೆ ತಿರುಗಿದ್ದರೆ ಉತ್ತರ ಹೋಗುವುದು ಅವನಿಗೆ, ಮತ್ತು ಆ ಉತ್ತರದಲ್ಲಿ ಹೊಸ ಪಾಸ್‌ವರ್ಡಿನ ಲಿಂಕೂ ಇರಬಹುದು. ಈ ಡೊಮೈನಿಗೆ ಸಂಬಂಧವೇ ಇಲ್ಲದ, ನೀವೊಬ್ಬರೇ ತೆರೆಯುವ ಬೇರೊಂದು ಇಮೇಲಿನಿಂದ ಬರೆಯಬೇಕು. ಹುಬ್ಬಳ್ಳಿಯ ಡಿಸೈನರಿನ ಹಳೆಯ ಉಚಿತ ಇಮೇಲಂತೂ ಬೇಡವೇ ಬೇಡ. ಬ್ಯಾಂಕಿಗೂ ಪೇಮೆಂಟ್ ಗೇಟ್‌ವೇ ಕಂಪನಿಗೂ ಅದೇ ಗಳಿಗೆಯಲ್ಲಿ ಫೋನ್ ಮಾಡಿ, ಅಂಗಡಿಯ ಇಮೇಲಿನಿಂದ ಬರುವ ಯಾವ ಕೋರಿಕೆಯನ್ನೂ ನಂಬಬೇಡಿ ಎಂದು ಹೇಳಬೇಕು. ಇಮೇಲ್ ಯಾರ ಕೈಯಲ್ಲಿದೆಯೋ ಅವರು ಆ ಇಮೇಲಿಗೆ ಕಟ್ಟಿದ ಉಳಿದ ಖಾತೆಗಳ ಪಾಸ್‌ವರ್ಡುಗಳನ್ನೂ ಬದಲಿಸಬಲ್ಲರು. ಡೊಮೈನಿನ ನಷ್ಟಕ್ಕಿಂತ ಈ ನಷ್ಟ ಎಷ್ಟೋ ಸಲ ಬೇಗ ಆಗುತ್ತದೆ.

ಇನ್ನು ಕಳಿಸುವುದು ಎಲ್ಲಿಗೆ? ಗ್ರಾಹಕ ಸೇವೆಯ ವಿಳಾಸಕ್ಕೆ ಬಂದ ಪತ್ರಗಳನ್ನು ಮೊದಲು ಓದುವವರ ಮುಂದೆ ಸಿದ್ಧ ಉತ್ತರಗಳ ಒಂದು ಪಟ್ಟಿ ಇರುತ್ತದೆ. "ಲಾಕ್", "60 ದಿನ" ಎಂಬ ಮಾತು ಕಂಡರೆ ಅದರ ಸಿದ್ಧ ಉತ್ತರ ಹೋಗುತ್ತದೆ, ದೂರು ಮುಗಿಯಿತೆಂದು ಗುರುತಾಗುತ್ತದೆ. ಅವರನ್ನು ದೂರಿ ಫಲವಿಲ್ಲ, ಅವರಿಗೆ ಕೊಟ್ಟಿರುವ ಅಧಿಕಾರವೇ ಅಷ್ಟು. ಆದ್ದರಿಂದ ಗ್ರಾಹಕ ಸೇವೆಗೆ ಕಳಿಸುವುದರ ಜೊತೆಗೆ ದುರ್ಬಳಕೆಯ ದೂರು ಸ್ವೀಕರಿಸುವ ವಿಳಾಸಕ್ಕೂ ಕಳಿಸಬೇಕು. ಸಾರ್ವಜನಿಕ ದಾಖಲೆಯಲ್ಲಿ `Registrar Abuse Contact Email` ಎಂಬ ಸಾಲಿನಲ್ಲಿ ಅದು ಸಿಗುತ್ತದೆ. ಅಂಥದ್ದೊಂದು ವಿಳಾಸವನ್ನು ಪ್ರಕಟಿಸಿ ಅಲ್ಲಿ ಬಂದ ದೂರುಗಳನ್ನು ಪರಿಶೀಲಿಸುವುದು ಐಕ್ಯಾನ್ ಜೊತೆಗಿನ ಒಪ್ಪಂದದ ಪ್ರಕಾರ ರಿಜಿಸ್ಟ್ರಾರಿನ ಹೊಣೆ. ಅದೇ ದಾಖಲೆಯಲ್ಲಿ ರಿಜಿಸ್ಟ್ರಾರ್ ಯಾರೆಂಬುದೂ ಇರುತ್ತದೆ. ನೀವು ಪ್ರತಿ ವರ್ಷ ದುಡ್ಡು ಕಟ್ಟುವ ಕಂಪನಿಯ ಹೆಸರು ಅಲ್ಲಿಲ್ಲದಿದ್ದರೆ ಅದು ಬರೀ ಮರುಮಾರಾಟಗಾರ. ಅವರಿಗೂ ತಿಳಿಸಿ, ಆದರೆ ದಾಖಲೆಯಲ್ಲಿರುವ ರಿಜಿಸ್ಟ್ರಾರಿಗೆ ಬರೆಯದೆ ಬಿಡಬೇಡಿ.

ಪತ್ರದ ಒಕ್ಕಣೆ ಹೀಗಿರಬಹುದು. ಹೊರದೇಶದ ಕಂಪನಿಗಾದರೆ ಇಂಗ್ಲಿಷಿನಲ್ಲೇ ಬರೆಯಬೇಕಾಗುತ್ತದೆ, ಆದರೆ ಹೇಳಬೇಕಾದ್ದು ಇಷ್ಟೇ:

*ವಿಷಯ: `example.com` – ಅನಧಿಕೃತ ಬದಲಾವಣೆ – ವರ್ಗಾವಣೆಯನ್ನು ತಡೆಹಿಡಿಯಿರಿ*

*`example.com` ಡೊಮೈನಿನ ನೋಂದಣಿದಾರರು ನಾವು. 2025-08-17T21:47:09Z ಹೊತ್ತಿಗೆ ಈ ಡೊಮೈನಿನ ದಾಖಲೆ ಬದಲಾಗಿದೆ. ನೇಮ್ ಸರ್ವರ್ `ns1.example.net` ಇದ್ದದ್ದು ಈಗ `ns1.example.org` ಆಗಿದೆ. ನೋಂದಣಿದಾರರ ವಿವರವೂ ಬದಲಾಗಿದೆ ಎಂದು ನಿಮ್ಮ ಚಾಟ್ ಸಿಬ್ಬಂದಿ ತಿಳಿಸಿದ್ದಾರೆ. ಈ ಯಾವ ಬದಲಾವಣೆಯನ್ನೂ ನಾವು ಮಾಡಿಲ್ಲ, ಯಾವುದಕ್ಕೂ ಒಪ್ಪಿಗೆ ಕೊಟ್ಟಿಲ್ಲ. ಖಾತೆಗೆ ಲಾಗಿನ್ ಆಗಲು ನಮಗೆ ಸಾಧ್ಯವಾಗುತ್ತಿಲ್ಲ.*

*ಡೊಮೈನಿನ ಮೇಲೆ ಈಗಿರುವ ವರ್ಗಾವಣೆಯ ಲಾಕನ್ನು ತೆಗೆಯಬೇಡಿ ಎಂದು ಕೋರುತ್ತೇವೆ. ತನಿಖೆ ಮುಗಿಯುವವರೆಗೆ, ಅಕ್ಟೋಬರ್ 16ರ ನಂತರವೂ, ಅದು ಇರಲಿ. ಈ ಖಾತೆಯಿಂದ ಇನ್ನು ಯಾವ ಬದಲಾವಣೆಯೂ ಆಗದಂತೆ ಕೂಡಲೇ ತಡೆಯಿರಿ. ನಮ್ಮ ಗುರುತನ್ನು ಪರಿಶೀಲಿಸಿದ ಮೇಲೆ ನೇಮ್ ಸರ್ವರ್ ಮತ್ತು ನೋಂದಣಿದಾರರ ವಿವರವನ್ನು ಮೊದಲಿನಂತೆ ಮಾಡಿ. ಆಗಸ್ಟ್ 1ರಿಂದ ಈಚೆಗಿನ ಲಾಗಿನ್, ಪಾಸ್‌ವರ್ಡ್ ಬದಲಾವಣೆ ಮತ್ತು ಒಪ್ಪಿಗೆಯ ದಾಖಲೆಗಳನ್ನು, ಐಪಿ ವಿಳಾಸಗಳ ಸಮೇತ, ಅಳಿಸದೆ ಉಳಿಸಿ.*

*ಹಿಂದಿನ ನವೀಕರಣಗಳ ಬಿಲ್ಲುಗಳು ಮತ್ತು ಪರದೆಯ ಚಿತ್ರಗಳು ಜೊತೆಗಿವೆ. ಗುರುತಿನ ದಾಖಲೆಗಳನ್ನು ಸುರಕ್ಷಿತವಾಗಿ ಕಳಿಸುವ ದಾರಿ ತಿಳಿಸಿ. `example.com` ವಿಳಾಸಗಳಿಗೆ ಉತ್ತರಿಸಬೇಡಿ, ಈ ಇಮೇಲಿಗೇ ಉತ್ತರಿಸಿ.*

ಇದರಲ್ಲಿ ಮುಖ್ಯವಾದ ವಾಕ್ಯ "ಲಾಕನ್ನು ತೆಗೆಯಬೇಡಿ" ಎನ್ನುವುದು. ಓದುವವರು ಸಿದ್ಧ ಉತ್ತರಗಳ ಪಟ್ಟಿಯನ್ನು ಬದಿಗಿಡುವುದು ಅಲ್ಲಿಯೇ. ಲಾಕ್ ಬೇಡವೆಂದು ದಿನವೂ ನೂರಾರು ಜನ ಬರೆಯುತ್ತಾರೆ, ಇರಲಿ ಎಂದು ಬರೆಯುವವರು ಅಪರೂಪ. ಅಂಥವರ ಪತ್ರ ಕಳ್ಳತನದ ದೂರು ಎಂದು ಓದಿದ ಕೂಡಲೇ ತಿಳಿಯುತ್ತದೆ. ಎರಡನೆಯದಾಗಿ, ಲಾಗ್ ಉಳಿಸಿ ಎಂಬ ಕೋರಿಕೆಯನ್ನು ಮೊದಲ ಪತ್ರದಲ್ಲೇ ಮಾಡಬೇಕು. ಇಂಥ ದಾಖಲೆಗಳನ್ನು ಕಂಪನಿಗಳು ಶಾಶ್ವತವಾಗಿ ಇಟ್ಟುಕೊಳ್ಳುವುದಿಲ್ಲ. ಪೊಲೀಸರು ಕೇಳುವ ಹೊತ್ತಿಗೆ ಅವು ಇಲ್ಲವಾದರೆ ತನಿಖೆಗೆ ಕೈಹಿಡಿಯುವ ಎಳೆಯೇ ಇರುವುದಿಲ್ಲ.

ಪತ್ರ ಕಳಿಸಿದ ಮೇಲೆ ರಿಜಿಸ್ಟ್ರಾರ್ ನಿಮ್ಮನ್ನೇ ಅನುಮಾನದಿಂದ ನೋಡುತ್ತದೆ. ಇದು ನೊಂದವರಿಗೆ ತುಂಬ ಕಷ್ಟವಾಗುವ ಹಂತ, ಆದರೆ ಆ ಅನುಮಾನ ನ್ಯಾಯವಾದದ್ದು. ಮಾಲೀಕ ನಾನೇ, ನನ್ನ ಡೊಮೈನ್ ಕಳುವಾಗಿದೆ ಎಂದು ಪತ್ರ ಬರೆದು ಬೇರೆಯವರ ಡೊಮೈನ್ ಹೊಡೆಯುವ ಕಳ್ಳರೂ ಇದ್ದಾರೆ. `perl.com` ವಿಷಯದಲ್ಲೂ ಸುಳ್ಳು ದಾಖಲೆ ತೋರಿಸಿ ರಿಜಿಸ್ಟ್ರಾರನ್ನು ನಂಬಿಸಿರಬೇಕು ಎಂಬುದೇ ಅವರ ಅಂದಾಜಾಗಿತ್ತು. ಹಾಗಾಗಿ ಹಕ್ಕನ್ನು ಸಾಬೀತು ಮಾಡುವುದು ಬಹುಕಾಲದಿಂದ ಒಂದರ ಹಿಂದೆ ಒಂದರಂತೆ ಇರುವ ದಾಖಲೆಗಳು: ಹಿಂದಿನ ವರ್ಷಗಳ ನವೀಕರಣದ ಬಿಲ್ಲುಗಳು, ಅವುಗಳಿಗೆ ದುಡ್ಡು ಹೋದ ಬ್ಯಾಂಕ್ ಸ್ಟೇಟ್‌ಮೆಂಟಿನ ಸಾಲು, ಅಂಗಡಿಯ ಹೆಸರು ಇರುವ ಜಿಎಸ್‌ಟಿ ಪ್ರಮಾಣಪತ್ರ, ವೆಬ್‌ಸೈಟಿನ ಹಳೆಯ ಪುಟಗಳು. ನಿನ್ನೆ ಖಾತೆಗೆ ನುಗ್ಗಿದವನ ಬಳಿ ಇವೆಲ್ಲ ಇರುವುದಿಲ್ಲ. ಆಧಾರ್ ಕೇಳಿದರೆ ಮೊದಲ ಎಂಟು ಅಂಕಿ ಮರೆಸಿದ ಮಾಸ್ಕ್ಡ್ ಆಧಾರನ್ನೇ ಕೊಡಬೇಕು, ಅದನ್ನೂ ಬರಿಯ ಇಮೇಲಿನಲ್ಲಿ ಅಂಟಿಸಿ ಅಲ್ಲ.

ಡೊಮೈನ್ ಡಿಸೈನರಿನ ಹೆಸರಿನಲ್ಲೇ ನೋಂದಣಿಯಾಗಿದ್ದರೆ ಈ ಹಂತದಲ್ಲಿ ಕೆಲಸ ಕೆಡುತ್ತದೆ. ನಮ್ಮ ಊರುಗಳಲ್ಲಿ ಇದು ತೀರಾ ಸಾಮಾನ್ಯ. ಅಂಗಡಿಯವರು ದುಡ್ಡು ಕೊಟ್ಟಿರುತ್ತಾರೆ, ವೆಬ್‌ಸೈಟ್ ಮಾಡಿದವನು ತನ್ನ ಖಾತೆಯಲ್ಲಿ, ತನ್ನ ಹೆಸರಿನಲ್ಲಿ ಡೊಮೈನ್ ಕೊಂಡಿರುತ್ತಾನೆ. ಐಕ್ಯಾನ್ ನಿಯಮದ ಕಣ್ಣಿಗೆ ಆಗ ನೋಂದಣಿದಾರ ಅವನೇ. ನಿಮ್ಮ ದೂರನ್ನು ರಿಜಿಸ್ಟ್ರಾರ್ ಎತ್ತಿಕೊಳ್ಳದಿದ್ದರೆ ಅದು ತಪ್ಪೂ ಅಲ್ಲ. ದೂರಿಗೆ ಅವನೇ ಸಹಿ ಹಾಕಬೇಕಾಗುತ್ತದೆ. ಅವನು ಊರು ಬಿಟ್ಟಿದ್ದರೆ, ಮುನಿಸಿಕೊಂಡಿದ್ದರೆ ವಿಷಯ ರಿಜಿಸ್ಟ್ರಾರಿನ ಕೈ ಮೀರಿ ವಕೀಲರ ಬಳಿ ಹೋಗುತ್ತದೆ. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ತಮ್ಮ ಡೊಮೈನ್ ಯಾರ ಹೆಸರಿನಲ್ಲಿದೆ ಎಂಬುದು ಗೊತ್ತಿಲ್ಲದಿದ್ದರೆ, ದಯವಿಟ್ಟು ಇಂದೇ ಕೇಳಿ ತಿಳಿದುಕೊಳ್ಳಿ. ಸಂಬಂಧ ಚೆನ್ನಾಗಿರುವಾಗ ಇದನ್ನು ಸರಿಪಡಿಸಲು ಹತ್ತು ನಿಮಿಷ ಸಾಕು.

ರಿಜಿಸ್ಟ್ರಾರ್ ಉತ್ತರವನ್ನೇ ಕೊಡದಿದ್ದರೆ ಅಥವಾ ಸಿದ್ಧ ಉತ್ತರಕ್ಕೆ ಅಂಟಿಕೊಂಡರೆ ಅದೇ ದೂರಿನ ಸಂಖ್ಯೆ ಹಿಡಿದು ಅದೇ ಪತ್ರದ ಸರಣಿಯಲ್ಲಿ ಮತ್ತೆ ಬರೆಯಬೇಕು. ಗಾಬರಿಯಲ್ಲಿ ಐದಾರು ಹೊಸ ದೂರು ತೆರೆದರೆ ಐದಾರು ಬೇರೆ ಬೇರೆ ಜನ ಮೊದಲಿನಿಂದ ಓದುತ್ತಾರೆ, ಪ್ರತಿಯೊಬ್ಬರೂ ಬೇರೆ ಮಾತು ಹೇಳುತ್ತಾರೆ. ನಂತರದ ದಾರಿ ಐಕ್ಯಾನ್ ತಾಣದಲ್ಲಿರುವ ದೂರಿನ ಫಾರಂ. ರಿಜಿಸ್ಟ್ರಾರಿಗೆ ಮೊದಲು ಬರೆದಿದ್ದೀರಾ, ಏನು ಉತ್ತರ ಬಂತು ಎಂದು ಅವರು ಕೇಳುತ್ತಾರೆ. ಮೇಲಿನ ಪತ್ರ ಅಲ್ಲಿ ಮತ್ತೊಮ್ಮೆ ಉಪಯೋಗಕ್ಕೆ ಬರುತ್ತದೆ. ರಿಜಿಸ್ಟ್ರಾರ್ ತನ್ನ ಒಪ್ಪಂದದ ನಿಯಮಗಳನ್ನು ಪಾಲಿಸಿದೆಯೇ ಎಂಬುದನ್ನಷ್ಟೇ ಐಕ್ಯಾನ್ ನೋಡುತ್ತದೆ. ಒಪ್ಪಿಗೆ ಪಡೆಯದೆ ನೋಂದಣಿದಾರರನ್ನು ಬದಲಿಸಿದ್ದರೆ ಅದು ಕೇಳುತ್ತದೆ. ಆದರೆ ಡೊಮೈನನ್ನು ತಾನೇ ಕಿತ್ತು ನಿಮಗೆ ಕೊಡುವುದಿಲ್ಲ, ನಷ್ಟ ಕಟ್ಟಿಸುವುದೂ ಇಲ್ಲ.

`.in` ಹೆಸರುಗಳ ದಾರಿಯೇ ಬೇರೆ. ಅವು ಐಕ್ಯಾನಿನ ಈ ನಿಯಮಗಳಿಗೆ ಒಳಪಡುವುದಿಲ್ಲ. ಅವುಗಳ ಪಟ್ಟಿಯನ್ನು ನಡೆಸುವುದು ದೆಹಲಿಯ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ, ಎಲ್ಲರೂ ನಿಕ್ಸಿ ಎಂದು ಕರೆಯುವ ಸಂಸ್ಥೆ. ಅಂಗಡಿಯ ಡೊಮೈನ್ `.in` ಆಗಿದ್ದರೆ ಪತ್ರದಲ್ಲಿ ಐಕ್ಯಾನ್ ಹೆಸರು ಹೇಳಿ ಹೆದರಿಸಿ ಪ್ರಯೋಜನವಿಲ್ಲ. ರಿಜಿಸ್ಟ್ರಾರಿನ ನಂತರದ ಮೆಟ್ಟಿಲು ನಿಕ್ಸಿ.

ಖಾತೆಗೆ ಯಾರೋ ನುಗ್ಗಿರುವುದು ಖಚಿತವಾದರೆ ಪೊಲೀಸ್ ದೂರನ್ನು ತಡ ಮಾಡಬಾರದು. `cybercrime.gov.in` ತಾಣದಲ್ಲಿ ದೂರು ಕೊಡಬಹುದು, ಕರ್ನಾಟಕದ ಜಿಲ್ಲೆಗಳಲ್ಲಿ ಸಿಇಎನ್ ಪೊಲೀಸ್ ಠಾಣೆಗಳಿವೆ. ಗಿರಾಕಿಗಳ ದುಡ್ಡು ಕಳ್ಳನ ಖಾತೆಗೆ ಹೋಗಿದ್ದರೆ ಮೊದಲು 1930ಕ್ಕೆ ಕರೆ ಮಾಡಬೇಕು. ಆ ಸಂಖ್ಯೆ ಇರುವುದೇ ಹಣದ ವಂಚನೆಯನ್ನು ಬೇಗ ತಡೆಯಲೆಂದು. ದೂರಿನ ಸ್ವೀಕೃತಿಯ ಪ್ರತಿಯನ್ನು ರಿಜಿಸ್ಟ್ರಾರಿಗೂ ಕಳಿಸಿದರೆ ಅವರ ತನಿಖೆಯ ತಂಡಕ್ಕೂ ಒಂದು ಆಧಾರ ಸಿಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಬಗೆಯ ಓದುಗರಿಗೂ ಉತ್ತರ ಹೇಳಬೇಕು. ಬದಲಾವಣೆ ಮಾಡಿದ್ದು ನೀವೇ ಆಗಿರಬಹುದು. ಡಿಸೈನರಿನ ಇಮೇಲ್ ತೆಗೆದು ನಿಮ್ಮದನ್ನು ಹಾಕಿದಿರಿ, ಮರುದಿನ ಡೊಮೈನನ್ನು ಅಗ್ಗದ ಕಂಪನಿಗೆ ಸಾಗಿಸಲು ಹೊರಟಾಗ ಲಾಕ್ ಕಂಡಿತು. ಆಗ ಜಗಳಾಡಿ ಫಲವಿಲ್ಲ, ನಿಯಮ ರಿಜಿಸ್ಟ್ರಾರಿನ ಪರವಾಗಿದೆ. ಸೈಟೂ ಇಮೇಲೂ ಎಂದಿನಂತೆ ನಡೆಯುತ್ತವೆ, ನವೀಕರಣಕ್ಕೂ ಅಡ್ಡಿಯಿಲ್ಲ. 60 ದಿನ ಕಳೆದ ಮೇಲೆ ಕೇಳಿದರೆ ಐದು ದಿನಗಳೊಳಗೆ ಲಾಕ್ ತೆಗೆದು ವರ್ಗಾವಣೆಯ ಸಂಕೇತವನ್ನು ಕೊಡಬೇಕು, ಅಥವಾ ಅದನ್ನು ನೀವೇ ಮಾಡಿಕೊಳ್ಳುವ ಅನುಕೂಲ ಖಾತೆಯಲ್ಲಿ ಇರಬೇಕು. ಅದನ್ನೂ ಮಾಡದಿದ್ದರೆ ನಿಮ್ಮ ದೂರಿಗೆ ಗಟ್ಟಿ ನೆಲವಿದೆ. ಮುಂದಿನ ಸಲ ಮೊದಲು ಸಾಗಿಸಿ, ಆಮೇಲೆ ವಿವರ ಬದಲಿಸಿದರೆ ಈ ತೊಡಕೇ ಬರುವುದಿಲ್ಲ.

ಇಳಕಲ್ಲಿನ ಅಂಗಡಿಗೆ ಮರಳಿದರೆ, ರಿಜಿಸ್ಟ್ರಾರ್ ದಾಖಲೆಗಳನ್ನು ಒಪ್ಪಿ ನೇಮ್ ಸರ್ವರನ್ನು ಹಿಂದಿನಂತೆ ಮಾಡಿತು ಎಂದುಕೊಳ್ಳೋಣ. ಆ ಗಳಿಗೆಯಲ್ಲೇ ಎಲ್ಲ ಸರಿಹೋಗುವುದಿಲ್ಲ. `.com` ಪಟ್ಟಿಯಿಂದ ಪಡೆದ ನೇಮ್ ಸರ್ವರ್ ಮಾಹಿತಿಯನ್ನು ಜಗತ್ತಿನ ಬೇರೆ ಬೇರೆ ಕಂಪ್ಯೂಟರುಗಳು 172800 ಸೆಕೆಂಡುಗಳವರೆಗೆ, ಅಂದರೆ ಎರಡು ದಿನ, ನೆನಪಿನಲ್ಲಿ ಇಟ್ಟುಕೊಳ್ಳಬಹುದು. ಆ ಎರಡು ದಿನ ಕೆಲವು ಗಿರಾಕಿಗಳ ಪತ್ರಗಳು ಇನ್ನೂ ಕಳ್ಳನ ಕಡೆಗೇ ಹೋಗುತ್ತಿರುತ್ತವೆ. ಹಾಗಾಗಿ ಅಲ್ಲಿಯವರೆಗೆ ದುಡ್ಡಿನ ಮಾತು ಫೋನಿನಲ್ಲೇ ಆಗಲಿ. ರಿಜಿಸ್ಟ್ರಾರ್ ಖಾತೆಯ ಇಮೇಲನ್ನು ಮಾಲೀಕರದ್ದೇ ಬೇರೊಂದು ವಿಳಾಸಕ್ಕೆ ಬದಲಿಸಿ, ಲಾಗಿನ್ನಿಗೆ ಎರಡನೆಯ ಸಂಕೇತವೂ ಬೇಕೆಂಬ ವ್ಯವಸ್ಥೆ ಮಾಡಬೇಕು. ಕಳ್ಳ ಖಾತೆಯೊಳಗೆ ಬಿಟ್ಟುಹೋಗಿರಬಹುದಾದ ಹೆಚ್ಚುವರಿ ಬಳಕೆದಾರರು, ಎಪಿಐ ಕೀಲಿಗಳು, ಇಮೇಲ್ ಮುಂದೂಡುವ ನಿಯಮಗಳು ಇವೆಯೇ ಎಂದು ಒಂದೊಂದಾಗಿ ನೋಡಿ ತೆಗೆಯಬೇಕು. ನೋಂದಣಿದಾರರ ಇಮೇಲ್ ಮತ್ತೆ ಬದಲಾದದ್ದರಿಂದ ಡೊಮೈನಿನ ಮೇಲೆ ಹೊಸದಾಗಿ 60 ದಿನಗಳ ಲಾಕ್ ಬೀಳಬಹುದು. ಅದನ್ನು ತೆಗೆಯಿರಿ ಎಂದು ಯಾರಿಗೂ ಬರೆಯಬೇಕಾಗಿಲ್ಲ.